28ನೇ ಮಹಡಿಯ ಬಿರುಕು ಮತ್ತು ಗಿಡ್ಡವಾಗುವ ಪಿಲ್ಲರ್‌ಗಳು

ಬೆಂಗಳೂರಿನ 42 ಮಹಡಿಯ ಒಂದು ಟವರ್. ಕಟ್ಟಿ ಮುಗಿಸಿ ನಾಲ್ಕು ವರ್ಷ ಆಗಿದೆ. 28ನೇ ಮಹಡಿಯ ಫ್ಲಾಟಿನ ಯಜಮಾನರು ಹಾಲ್‌ಗೆ ಕರೆದುಕೊಂಡು ಹೋಗಿ ಗೋಡೆ ತೋರಿಸಿದರು. ಲಿಫ್ಟ್ ಕಡೆಯ ಬುಡದಿಂದ ಹೊರಗಿನ ಪಿಲ್ಲರಿನ ತಲೆಯ ಕಡೆಗೆ ಓರೆಯಾಗಿ ಏರಿದ ಬಿರುಕು. ಎರಡು ಸಲ ಪುಟ್ಟಿ ತುಂಬಿ ಬಣ್ಣ ಬಳಿಸಿದ್ದಾರೆ. ಎರಡು ಸಲವೂ ಅದೇ ಜಾಗದಲ್ಲಿ ಬಾಯಿ ಬಿಟ್ಟಿದೆ. "ಪಾಯ ಕೂರ್ತಾ ಇದೆ ಅಲ್ವಾ ಸಾರ್?" ಅಂತ ಕೇಳಿದರು. ಬಿಲ್ಡರ್ ಕಡೆಯವರು ಆಗಲೇ "ಪ್ಲಾಸ್ಟರ್ ಬಿರುಕು, ಸುಮ್ನೆ ಹೆದರಬೇಡಿ" ಅಂದು ಹೋಗಿದ್ದರಂತೆ.

ಎರಡೂ ಅಲ್ಲ. ಬಿರುಕಿನ ಓರೆಯೇ ಅರ್ಧ ಕಥೆ ಹೇಳುತ್ತದೆ. ಚೌಕದ ಗೋಡೆಯ ಒಂದು ಪಕ್ಕ ಕೆಳಗಿಳಿದರೆ ಒಂದು ಮೂಲೆಯಿಂದ ಎದುರು ಮೂಲೆಗೆ ಅದು ಹಿಗ್ಗುತ್ತದೆ, ಆ ಹಿಗ್ಗಿಗೆ ಅಡ್ಡವಾಗಿ ಒಡೆಯುತ್ತದೆ. ಬಿರುಕು ಲಿಫ್ಟ್ ಕಡೆ ಕೆಳಗೆ, ಪಿಲ್ಲರ್ ಕಡೆ ಮೇಲೆ ಇದೆ ಅಂದರೆ ಪಿಲ್ಲರ್ ಕಡೆ ಇಳಿದಿದೆ. ಪ್ರಶ್ನೆ ಏನಂದರೆ, ಪಾಯವೇ ಇಳಿಯಿತಾ, ಇಲ್ಲ ಪಿಲ್ಲರೇ ಗಿಡ್ಡ ಆಯಿತಾ?

ಅದಕ್ಕೆ ದೊಡ್ಡ ಯಂತ್ರ ಏನೂ ಬೇಕಾಗಲಿಲ್ಲ. ಕಟ್ಟುವಾಗ ಪ್ರತಿ ಮಹಡಿಯ ಸ್ಲ್ಯಾಬ್ ಆದಮೇಲೆ ಸರ್ವೇಯರ್ ಪಿಲ್ಲರ್ ಮೇಲೂ ಲಿಫ್ಟ್ ಗೋಡೆ ಮೇಲೂ ಒಂದು ಮೀಟರ್ ಎತ್ತರಕ್ಕೆ ಕೆಂಪು ಬಣ್ಣದಲ್ಲಿ ಗುರುತು ಹಾಕಿರುತ್ತಾನೆ. ಅವತ್ತು ಎರಡೂ ಒಂದೇ ಮಟ್ಟ. ಮಾರಾಟವಾಗದೆ ಪ್ಲಾಸ್ಟರ್ ಕೂಡ ಕಾಣದ ಫ್ಲಾಟ್‌ಗಳು ಅಲ್ಲಲ್ಲಿ ಉಳಿದಿದ್ದವು, ಅಲ್ಲಿ ಗುರುತುಗಳೂ ಹಾಗೇ ಇದ್ದವು. ಒಬ್ಬ ಮೇಸ್ತ್ರಿ, ಒಂದು ಟ್ಯೂಬ್ ಲೆವೆಲ್, ಒಂದು ಮಧ್ಯಾಹ್ನ. ಪೈಪಿನ ನೀರು ಲಿಫ್ಟ್ ಗೋಡೆಯ ಗುರುತಿಗೆ ಸರಿಯಾಗಿ ನಿಂತಾಗ, ಆರೂವರೆ ಮೀಟರ್ ಆಚೆ ಪಿಲ್ಲರಿನ ಗುರುತು ನೀರಿಗಿಂತ ಎಷ್ಟು ಕೆಳಗಿದೆ ಅಂತ ನೋಡಿದೆವು.

ಎರಡನೇ ಪಾರ್ಕಿಂಗ್ ಮಟ್ಟದಲ್ಲಿ 1 ಮಿ.ಮೀ., ಅಂದರೆ ಏನೂ ಇಲ್ಲ. 9ನೇ ಮಹಡಿಯಲ್ಲಿ 8. 19ರಲ್ಲಿ 16. 28ರಲ್ಲಿ 21. 36ರಲ್ಲಿ 18. 41ರಲ್ಲಿ 13. ಟ್ಯೂಬ್ ಲೆವೆಲ್ ಒಂದೆರಡು ಮಿ.ಮೀ. ಆಚೀಚೆ ಹೇಳೀತು, ಆದರೂ ಏರಿಳಿತ ಸ್ಪಷ್ಟವಾಗಿದೆ. ಪಾಯ ಕೂತಿದ್ದರೆ ಪಾರ್ಕಿಂಗ್‌ನಲ್ಲೇ ಕಾಣಬೇಕಿತ್ತು, ಎಲ್ಲ ಮಹಡಿಯಲ್ಲೂ ಸರಿಸುಮಾರು ಅಷ್ಟೇ ಇರಬೇಕಿತ್ತು. ಇಲ್ಲಿ ಬುಡದಲ್ಲಿ ಸೊನ್ನೆ, ಮೇಲೆ ಹೋದ ಹಾಗೆ ಜಾಸ್ತಿ, ತುದಿಯ ಹತ್ತಿರ ಮತ್ತೆ ಕಡಿಮೆ.

ಯಾಕೆ ಹೀಗೆ? ಕಾಂಕ್ರೀಟ್ ಭಾರ ಹೊತ್ತ ಕೂಡಲೇ ಸ್ವಲ್ಪ ಕುಗ್ಗುತ್ತದೆ. ಅದೇ ಭಾರ ಮೇಲೆ ಕೂತೇ ಇದ್ದರೆ ವರ್ಷಗಟ್ಟಲೆ ಇನ್ನೂ ಕುಗ್ಗುತ್ತಾ ಹೋಗುತ್ತದೆ, ಅದೇ ಕ್ರೀಪ್. ಒತ್ತಡ ಎಷ್ಟೋ ಕ್ರೀಪ್ ಅಷ್ಟು. ಲಿಫ್ಟ್ ಮತ್ತು ಮೆಟ್ಟಿಲ ಸುತ್ತಲಿನ ಗೋಡೆಗಳನ್ನು, ಅಂದರೆ ಕೋರ್ ಅನ್ನು, ನಾವು ಗಾಳಿ ಮತ್ತು ಭೂಕಂಪಕ್ಕೆ ಅಂತ ದಪ್ಪ ಮಾಡಿರುತ್ತೇವೆ. ಹಾಗಾಗಿ ಅದರ ಮೇಲೆ ಒತ್ತಡ ಕಡಿಮೆ. ಪಿಲ್ಲರ್ ಮಾತ್ರ ಕಾರ್ಪೆಟ್ ಏರಿಯಾ ತಿನ್ನಬಾರದು ಅಂತ ಹಿಂಡಿ ಹಿಂಡಿ ಸಣ್ಣ ಮಾಡಿರುತ್ತೇವೆ.

ಕೆಳಗಿನ ಒಂದು ಮಹಡಿ ತಗೊಳ್ಳಿ. 3 ಮೀಟರ್ ಎತ್ತರ, M60 ಕಾಂಕ್ರೀಟ್, ಅಂದರೆ ಅದರ ಬಲ fck 60 MPa. ಸದಾ ಇರುವ ಒತ್ತಡ ಪಿಲ್ಲರಿನಲ್ಲಿ 14 MPa, ಕೋರ್‌ನಲ್ಲಿ 6 MPa. ನಮ್ಮ ಕಾಂಕ್ರೀಟ್ ಕೋಡ್ IS 456ರ ಸೂತ್ರ 5000√fck ಪ್ರಕಾರ E, ಅಂದರೆ ಕಾಂಕ್ರೀಟಿನ ಬಿಗಿತ, ಸುಮಾರು 38,700 MPa. ಭಾರ ಬಿದ್ದ ಕೂಡಲೇ ಪಿಲ್ಲರ್ ಕುಗ್ಗುವುದು 1.1 ಮಿ.ಮೀ., ಕೋರ್ ಅರ್ಧ ಮಿ.ಮೀ.ಗಿಂತ ಕಡಿಮೆ. ಇನ್ನು ಕ್ರೀಪ್. ಅದು ತಕ್ಷಣದ ಕುಗ್ಗುವಿಕೆಯ ಎಷ್ಟು ಪಟ್ಟು ಅಂತ ಅದೇ IS 456 ಕೊಡುವ ಗುಣಾಂಕ 7 ದಿನದ ಕಾಂಕ್ರೀಟಿಗೆ ಭಾರ ಹಾಕಿದರೆ 2.2, 28 ದಿನಕ್ಕೆ 1.6, ಒಂದು ವರ್ಷಕ್ಕೆ 1.1. ಭಾರ ಮಹಡಿ ಮಹಡಿಯಾಗಿ ಕಂತಿನಲ್ಲಿ ಬರುವುದರಿಂದ 1.5 ಅಂತ ಇಟ್ಟುಕೊಳ್ಳೋಣ. ಪಿಲ್ಲರಿಗೆ ಇನ್ನೂ 1.6, ಕೋರ್‌ಗೆ 0.7. ವ್ಯತ್ಯಾಸ 0.9 ಮಿ.ಮೀ. ಪಿಲ್ಲರಿನ ಕಬ್ಬಿಣ ಒಂದಿಷ್ಟು ಭಾರ ತನ್ನ ಮೇಲೆ ಎಳೆದುಕೊಳ್ಳುವುದರಿಂದ ಅದು 0.6ರ ಆಸುಪಾಸಿಗೆ ಇಳಿಯಬಹುದು. ಒಂದು ಮಹಡಿಗೆ ಇದು ಏನೂ ಅಲ್ಲ. 28 ಮಹಡಿ ಕೂಡಿಸಿ, 17 ಮಿ.ಮೀ. ಆಗುತ್ತೆ. ಮೇಲಿನ ಮಹಡಿಗಳ ಭಾರ ಬಿದ್ದಾಗಿನ ತಕ್ಷಣದ ಕುಗ್ಗುವಿಕೆಯೂ ಸೇರಿದರೆ ನಮ್ಮ ಟ್ಯೂಬ್ ಲೆವೆಲ್ ಹೇಳಿದ ಲೆಕ್ಕದ ಹತ್ತಿರಕ್ಕೇ ಬರುತ್ತದೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು 41ನೇ ಮಹಡಿಯ 13. ಅಲ್ಲಿ ಗುರುತು ಹಾಕುವ ಹೊತ್ತಿಗೆ ಕಟ್ಟಡದ ಕಾಂಕ್ರೀಟ್ ಭಾರ ಹೆಚ್ಚುಕಡಿಮೆ ಪೂರ್ತಿ ಬಿದ್ದಾಗಿತ್ತು. ಕ್ರೀಪ್ ಇಲ್ಲದಿದ್ದರೆ ಆಮೇಲೆ ಬಂದ ಟೈಲ್ಸ್, ಗೋಡೆ, ಜನ, ಸಾಮಾನು ಇಷ್ಟರಿಂದ ಅಷ್ಟು ಇಳಿಯಲು ಸಾಧ್ಯವೇ ಇಲ್ಲ.

ಈಗ ನನ್ನ ಜಗಳ. ನಮ್ಮ ಆಫೀಸುಗಳಲ್ಲಿ ಕಟ್ಟಡದ ಲೆಕ್ಕ ಮಾಡುವ ಸಾಫ್ಟ್‌ವೇರ್ ETABSನಲ್ಲಿ ಮಾಡೆಲ್ ಓಡಿಸುವಾಗ ಇಡೀ ಕಟ್ಟಡ ಒಂದೇ ರಾತ್ರಿ ಎದ್ದು ನಿಂತ ಹಾಗೆ ಭಾರ ಹಾಕುತ್ತಾರೆ. ಆಗ ತುದಿಯ ಮಹಡಿಗಳ ಬೀಮ್‌ನಲ್ಲಿ ವಿಚಿತ್ರ ಮೊಮೆಂಟ್, ಅಂದರೆ ಬೀಮನ್ನು ಬಾಗಿಸುವ ಪರಿಣಾಮ, ಬರುತ್ತದೆ. ಅದನ್ನು ಹೋಗಲಾಡಿಸಲು ಪಿಲ್ಲರಿನ `Cross-section (axial) Area` ಮಾಡಿಫೈಯರ್ 10 ಅಂತಲೋ 100 ಅಂತಲೋ ಕೊಟ್ಟು ಬಿಡುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಹತ್ತು ಅಂದರೆ ಆ ಕಾಂಕ್ರೀಟ್ ಕಬ್ಬಿಣಕ್ಕಿಂತ ಗಟ್ಟಿ ಆಯಿತು ಸ್ವಾಮಿ! ಕಂಪ್ಯೂಟರಿನಲ್ಲಿ ಮೊಮೆಂಟ್ ಮಾಯ, ಸೈಟಿನಲ್ಲಿ ಪಿಲ್ಲರ್ ತನ್ನ ಪಾಡಿಗೆ ಕುಗ್ಗುತ್ತಾ ಇರುತ್ತೆ. ಇನ್ನು ಕೆಲವರು ಮಹಡಿ ಮಹಡಿಯಾಗಿ ಕಟ್ಟುವ `Auto Construction Sequence` ಹಾಕುತ್ತಾರೆ. ಅದು ವಾಸಿ. ಆದರೆ ಕಾಂಕ್ರೀಟಿಗೆ ಕಾಲದ ಗುಣಗಳನ್ನು ಕೊಡದೆ ಓಡಿಸಿದರೆ ಅದರಲ್ಲಿ ಕ್ರೀಪ್ ಇರುವುದಿಲ್ಲ, ತುದಿಯಲ್ಲಿ ಸೊನ್ನೆ ತೋರಿಸುತ್ತದೆ. ನಮ್ಮ 13 ಎಲ್ಲಿಂದ ಬಂತು ಹಾಗಾದರೆ?

ಸರ್ವೇಯರ್ ತಪ್ಪಲ್ಲ ಇದು. ಫೋನ್ ಮಾಡಿದಾಗ "ಪ್ರತಿ ಸ್ಲ್ಯಾಬ್ ಡ್ರಾಯಿಂಗ್ ಮಟ್ಟಕ್ಕೇ ತಂದಿದ್ದೀನಿ ಸಾರ್, ಬುಕ್ ಇದೆ" ಅಂದರು. ನಿಜ, ತಂದಿದ್ದಾರೆ. ಆದರೆ ಮಟ್ಟ ಮಾಡಿದರೆ ಅವತ್ತಿನವರೆಗೆ ಇಳಿದದ್ದು ಮಾತ್ರ ಸರಿಹೋಗುತ್ತದೆ, ಮುಂದೆ ಇಳಿಯುವುದು ಹಾಗೇ ಉಳಿಯುತ್ತದೆ. ಅದಕ್ಕೆ ಪಿಲ್ಲರ್ ಕಡೆಯನ್ನು ಬೇಕಂತಲೇ ಎತ್ತರಿಸಿ ಸೆಂಟ್ರಿಂಗ್ ಮಾಡಬೇಕು. ಈ ಕಟ್ಟಡದಲ್ಲಿ ಪ್ರತಿ ಏಳು ಮಹಡಿಗೆ 5 ಮಿ.ಮೀ. ಎತ್ತರಿಸಿಕೊಂಡು ಹೋಗಿದ್ದರೆ 28ಕ್ಕೆ 20 ಆಗುತ್ತಿತ್ತು. ಅಲ್ಲಿಂದ ಮೇಲೆ ಮೆಲ್ಲಗೆ ಇಳಿಸಿದರೆ ಆಯಿತು. ಸ್ಟ್ರಕ್ಚರಲ್ ಇಂಜಿನಿಯರ್ ಒಂದು ಪುಟದ ಪಟ್ಟಿ ಕೊಡಬೇಕಿತ್ತು, ಅಷ್ಟೇ. ನಾನಾಗಿದ್ದರೆ ಲೆಕ್ಕಕ್ಕೆ ಬಂದದ್ದರ ಮುಕ್ಕಾಲು ಭಾಗ ಮಾತ್ರ ಎತ್ತರಿಸುತ್ತಿದ್ದೆ. ಕ್ರೀಪ್ ಲೆಕ್ಕವನ್ನು ಪೂರ್ತಿ ನಂಬುವ ಹಾಗಿಲ್ಲ, ಕಡಿಮೆ ಬಂದರೆ ನೆಲ ಉಲ್ಟಾ ಓರೆಯಾಗಿ ಹಾಗೇ ನಿಲ್ಲುತ್ತದೆ.

ಇದೇನು ಹೊಸ ವಿದ್ಯೆ ಅಲ್ಲ. ಷಿಕಾಗೋದಲ್ಲಿ ಇಂಜಿನಿಯರ್‌ಗಳಾದ ಫಜ್ಲುರ್ ಖಾನ್ ಮತ್ತು ಮಾರ್ಕ್ ಫಿಂಟೆಲ್ 1960ರ ದಶಕದ ಕೊನೆಗೇ ಇದರ ಲೆಕ್ಕ ಬರೆದಿಟ್ಟಿದ್ದರು. 828 ಮೀಟರಿನ ಬುರ್ಜ್ ಖಲೀಫಾದಲ್ಲಿ ಹೊರಗಿನ ಪಿಲ್ಲರಿನ ಒತ್ತಡ ಒಳಗಿನ ಗೋಡೆಯ ಒತ್ತಡಕ್ಕೆ ಸಮ ಬರುವ ಹಾಗೆ ಅಳತೆ ಇಟ್ಟರು, ಮಹಡಿಗಳನ್ನೂ ಕೂದಲೆಳೆಯಷ್ಟು ಎತ್ತರಿಸಿ ಕಟ್ಟಿದರು.

ಯಜಮಾನರಿಗೆ ಹೇಳಿದ್ದು ಇಷ್ಟು. ಪಾಯ ಕೂತಿಲ್ಲ, ಇದು ಬರೀ ಪ್ಲಾಸ್ಟರೂ ಅಲ್ಲ. ಆರೂವರೆ ಮೀಟರಿಗೆ 21 ಮಿ.ಮೀ. ಅಂದರೆ ಸುಮಾರು 310ಕ್ಕೆ 1 ಓರೆ. ಬ್ಲಾಕ್ ಗೋಡೆ ಅದನ್ನು ತಡೆಯುವುದಿಲ್ಲ, ಒಡೆಯುತ್ತದೆ. ಆ ಸಾಲಿನ ಬೀಮ್ ಪಿಲ್ಲರಿಗೂ ಕೋರ್‌ಗೂ ಸೇರುವ ಎರಡು ತುದಿಗಳನ್ನು ಮಾತ್ರ ಫಾಲ್ಸ್ ಸೀಲಿಂಗ್ ಬಿಚ್ಚಿ ನೋಡಿಸಿ ಅಂದೆ. ನೋಡಿದೆವು, ಕೋರ್ ಕಡೆ ಮೇಲ್ಗಡೆ ಕೂದಲು ಗಾತ್ರದ ಗೆರೆಗಳಿದ್ದವು, ಅದಕ್ಕಿಂತ ಹೆಚ್ಚಿಗೆ ಏನಿಲ್ಲ. ಕ್ರೀಪಿನ ವೇಗ ವರ್ಷ ಕಳೆದಂತೆ ಕಡಿಮೆ ಆಗುತ್ತಾ ಹೋಗುತ್ತದೆ, ಇನ್ನು ಕೆಲವೇ ಮಿ.ಮೀ. ಬಾಕಿ ಇರಬಹುದು. ಪುಟ್ಟಿ ಬೇಡ, ಗೋಡೆಯ ತಲೆಯಲ್ಲಿ ಬೀಮ್‌ಗೆ ಒತ್ತಿಕೊಂಡಿರುವ ಗಾರೆ ಕೆತ್ತಿ ತೆಗೆಸಿ, ಅಲ್ಲಿಯೂ ಬಿರುಕಿಗೂ ಹಿಗ್ಗುವ ಸೀಲಂಟ್ ತುಂಬಿಸಿ ಅಂದೆ. "ಬಣ್ಣ ಯಾವಾಗ ಹೊಡೆಸಲಿ?" ಅಂದರು. ಮುಂದಿನ ವರ್ಷ ಇದೇ ತಿಂಗಳು ಅದೇ ಮೇಸ್ತ್ರಿ ಜೊತೆ ಟ್ಯೂಬ್ ಲೆವೆಲ್ ತಗೊಂಡು ಬರ್ತೀನಿ, 21 ಇದ್ದದ್ದು 22 ದಾಟಿರದಿದ್ದರೆ ಹೊಡೆಸಿ ಅಂದೆ.