ನಂಬರ್ ಹೊಂದಿತು ಅಂದಮಾತ್ರಕ್ಕೆ ಗ್ರಾಹಕ ಒಬ್ಬನೇ ಅಲ್ಲ

ಗ್ರಾಹಕರ ಎರಡು ಪಟ್ಟಿ ಕೈಗೆ ಬಂದವು. ಒಂದು ಬಿಲ್ಲಿಂಗ್‌ನದು, ಇನ್ನೊಂದು ದೂರು ಬರೆದುಕೊಳ್ಳುವವರದು. ಎರಡರಲ್ಲೂ ಇರುವವರನ್ನು ಜೋಡಿಸೋಣ ಎಂದು ಎಕ್ಸೆಲ್‌ನಲ್ಲಿ ಫೋನ್ ನಂಬರ್ ಹಿಡಿದು VLOOKUP ಹಾಕಿದೆ. ಅರ್ಧಕ್ಕರ್ಧ #N/A. ಒಂದು ಕಡೆ ನಂಬರಿನ ಮುಂದೆ ದೇಶದ ಕೋಡ್, ಇನ್ನೊಂದು ಕಡೆ ಸೊನ್ನೆ, ಕೆಲವು ಬರೀ ಹತ್ತು ಅಂಕಿ.

ಕೊನೆಯ ಹತ್ತು ಅಂಕಿ ತಗೊಂಡರೆ ಆಯ್ತಲ್ವಾ? ಆಯ್ತು, ಆದರೆ ಮೊದಲು ಕ್ಲೀನ್ ಮಾಡಬೇಕು. ನಡುವೆ ಸ್ಪೇಸ್, ಅಡ್ಡಗೆರೆ ಇದ್ದರೆ RIGHT ಅವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ವೆಬ್ ಪೇಜಿನಿಂದ ಕಾಪಿ ಮಾಡಿದ ನಂಬರಿನಲ್ಲಿ ಇನ್ನೊಂದು ಬಗೆಯ ಸ್ಪೇಸ್ ಇರುತ್ತದೆ, ಅದು TRIM ಮಾತು ಕೇಳುವುದಿಲ್ಲ. ಅದೇ CHAR(160).

```
=RIGHT(SUBSTITUTE(SUBSTITUTE(SUBSTITUTE(A2,CHAR(160),"")," ",""),"-",""),10)
```

ಒಂದೇ ಸೆಲ್ಲಿನಲ್ಲಿ ಓರೆಗೆರೆ ಹಾಕಿ ಎರಡು ನಂಬರ್ ಬರೆದಿದ್ದರೆ ಈ ಸೂತ್ರಕ್ಕೆ ಎರಡನೆಯದು ಮಾತ್ರ ಸಿಗುತ್ತದೆ. ಅವನ್ನು ಮೊದಲೇ ಬೇರೆ ಮಾಡಿ.

ನನಗೆ ನಿಜವಾಗಿ ಪೆಟ್ಟು ಕೊಟ್ಟದ್ದು ಬೇರೆ. ಹೊಂದಿದ ಸಾಲುಗಳಲ್ಲಿ ಹಲವು ನಂಬರ್ 000000 ಎಂದು ಮುಗಿಯುತ್ತಿದ್ದವು. ದೇಶದ ಕೋಡ್ ಸೇರಿ ಹನ್ನೆರಡು ಅಂಕಿಯಾದ ನಂಬರನ್ನು ಎಕ್ಸೆಲ್ E+11 ಎಂದು ಮುದುರಿ ತೋರಿಸುತ್ತದೆ. ಯಾರೋ ಅದನ್ನು ಹಾಗೆಯೇ CSV ಮಾಡಿದ್ದರು. ಕೊನೆಯ ಅಂಕಿಗಳು ಅಲ್ಲೇ ಹೋದವು. ಬೇರೆ ಬೇರೆ ಜನ ಒಂದೇ ನಂಬರಿನವರಾಗಿಬಿಟ್ಟರು! ಇದನ್ನು ಯಾವ ಸೂತ್ರವೂ ಸರಿಮಾಡಲ್ಲ. ಮೂಲ ಫೈಲೇ ಬೇಕು.

"ಕೊನೆಯ ನಾಲ್ಕು ಅಂಕಿ ಸಾಕು" ಅನ್ನುವವರೂ ಇದ್ದಾರೆ. ಲೆಕ್ಕ ಹಾಕಿ ನೋಡಿ. ನಾಲ್ಕು ಅಂಕಿಗೆ ಇರುವುದೇ 10,000 ಜೋಡಣೆ. ಐದೈದು ಸಾವಿರ ಹೆಸರಿನ ಎರಡು ಪಟ್ಟಿಯಲ್ಲಿ ಎರಡೂವರೆ ಕೋಟಿ ಜೋಡಿ ಆಗುತ್ತವೆ. ಸುಮ್ನೆ ಕಾಕತಾಳೀಯವಾಗಿಯೇ ಸುಮಾರು 2,500 ಹೊಂದುತ್ತವೆ.

ಹತ್ತೂ ಅಂಕಿ ಹೊಂದಿದರೂ ನಾನು ಹೆಸರು ನೋಡುತ್ತೇನೆ. "ಆರ್. ಶ್ರೀನಿವಾಸ", "ಶ್ರೀನಿವಾಸ್ ಆರ್" ಇದ್ದರೆ ಚುಕ್ಕೆ ತೆಗೆದು, ಪದಗಳನ್ನು ಅಕಾರಾದಿಯಾಗಿ ಜೋಡಿಸಿ, ಆಮೇಲೆ ಎಷ್ಟು ಅಕ್ಷರ ವ್ಯತ್ಯಾಸ ಎಂದು ಎಣಿಸಬೇಕು. ಹಾಗೆ ಮಾಡದಿದ್ದರೆ ಇವರಿಬ್ಬರೂ ಬೇರೆಯವರಂತೆ ಕಾಣುತ್ತಾರೆ. ಅದೇ ನಂಬರಿಗೆ "ಶ್ರೀಲತಾ" ಬಂದರೆ? ಒಂದೇ ಮನೆಯವರು ಒಂದು ಫೋನ್ ಕೊಟ್ಟಿರಬಹುದು. ಸೇರಿಸಬೇಡಿ. ಒಬ್ಬರ ದೂರು ಇನ್ನೊಬ್ಬರ ಬಿಲ್ಲಿಗೆ ಅಂಟಿಕೊಂಡರೆ ಬಿಡಿಸುವುದು ಕಷ್ಟ. ಬಿಟ್ಟುಹೋದ ಜೋಡಿಯನ್ನು ನಾಳೆಯೂ ಸೇರಿಸಬಹುದು. VLOOKUP ಮೊದಲು ಸಿಕ್ಕವರನ್ನೇ ತಂದು ಸುಮ್ಮನಾಗುತ್ತದೆ, ಅದಕ್ಕೇ ಮುಂಚೆ COUNTIF ಹಾಕಿ ಒಂದಕ್ಕಿಂತ ಜಾಸ್ತಿ ಸಲ ಬಂದ ನಂಬರುಗಳನ್ನು ಪಕ್ಕಕ್ಕಿಡುತ್ತೇನೆ.

ಒಂದಂಕಿ ತಪ್ಪಿದ ನಂಬರನ್ನು ಹೆಸರು, ವಿಳಾಸ ಎರಡೂ ಹೊಂದಿದರೆ ಮಾತ್ರ ಪರಿಶೀಲನೆಗೆ ಹಾಕುತ್ತೇನೆ. ಅಕ್ಕಪಕ್ಕದ ಅಂಕಿ ಅದಲುಬದಲಾದರೆ, 47 ಹೋಗಿ 74 ಆದ ಹಾಗೆ, ಒಂದೊಂದೇ ಅಕ್ಷರ ಬದಲಿಸಿ, ಸೇರಿಸಿ, ತೆಗೆದು ವ್ಯತ್ಯಾಸ ಎಣಿಸುವ ಲೆವೆನ್‌ಶ್ಟೈನ್ ಲೆಕ್ಕದಲ್ಲಿ ಅದು ಒಂದಲ್ಲ, ಎರಡು ತಪ್ಪು. ಮಿತಿಯನ್ನು ಒಂದಕ್ಕೆ ಇಟ್ಟಿದ್ದಕ್ಕೆ ಟೈಪ್ ಮಾಡುವವರು ಆಗಾಗ ಮಾಡುವ ಈ ತಪ್ಪೇ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.