ತಂದೆಯಾಗಿ ಮತ್ತು ತಂದೆಯಂತೆ

ಇಂಗ್ಲಿಷಿನ ‘ಆಸ್’ ಮತ್ತು ‘ಲೈಕ್’ ಎಂಬ ಎರಡು ಪುಟ್ಟ ಪದಗಳು ಅದಲುಬದಲಾದರೆ ಆಗಬಹುದಾದ ಅನಾಹುತವನ್ನು ವ್ಯಾಕರಣದ ಪುಸ್ತಕಗಳು ತೀರ ಸಪ್ಪೆಯಾಗಿ ವಿವರಿಸುತ್ತವೆ. ಅದರ ನಿಜವಾದ ರುಚಿ ತಿಳಿಯಬೇಕಾದರೆ ಕಚೇರಿಯೊಂದರ ಬೀಳ್ಕೊಡುಗೆ ಸಮಾರಂಭಕ್ಕೆ ಹೋಗಬೇಕು. ನಮ್ಮ ಕಚೇರಿಯ ಹಿರಿಯ ಸೂಪರಿಂಟೆಂಡೆಂಟರೊಬ್ಬರು ನಿವೃತ್ತರಾದ ದಿನ, ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗನೊಬ್ಬನಿಗೆ ವೇದಿಕೆಯ ಮೇಲಿನಿಂದಲೇ ನಾಲ್ಕು ಬುದ್ಧಿಮಾತು ಹೇಳಲು ಹೊರಟು, ಗದ್ಗದ ಕಂಠದಲ್ಲಿ “ಆಸ್ ಯುವರ್ ಫಾದರ್, ಐ ಅಡ್ವೈಸ್ ಯು” ಎಂದು ಆರಂಭಿಸಿದರು. ಹುಡುಗನ ಸ್ವಂತ ತಂದೆ ಎರಡನೆಯ ಸಾಲಿನಲ್ಲಿಯೇ ಕುಳಿತಿದ್ದರು. ಅವರು ಒಮ್ಮೆ ಕತ್ತೆತ್ತಿ ನೋಡಿ, ಪಕ್ಕದಲ್ಲಿದ್ದ ಹೆಂಡತಿಯ ಕಡೆಗೆ ತಿರುಗದೆ, ಕೈಯಲ್ಲಿದ್ದ ಮೈಸೂರು ಪಾಕಿನ ತುಂಡನ್ನು ನಿಧಾನವಾಗಿ ತಟ್ಟೆಗೆ ಇಳಿಸಿದರು.

ಸೂಪರಿಂಟೆಂಡೆಂಟರು ಹೇಳಬಯಸಿದ್ದು ‘ತಂದೆಯಂತೆ ಹೇಳುತ್ತಿದ್ದೇನೆ’ ಎಂದು. ಹೇಳಿದ್ದು ‘ನಿನ್ನ ತಂದೆಯಾಗಿ ಹೇಳುತ್ತಿದ್ದೇನೆ’ ಎಂದು. ನಾಮಪದವೊಂದರ ಮುಂದೆ ‘ಆಸ್’ ಬಂದು ನಿಂತರೆ ಅದು ಸ್ಥಾನವನ್ನೋ ಪಾತ್ರವನ್ನೋ ಸೂಚಿಸುತ್ತದೆ, ‘ಲೈಕ್’ ಬಂದರೆ ಬರಿಯ ಹೋಲಿಕೆಯನ್ನು ಸೂಚಿಸುತ್ತದೆ. ಈ ಭೇದ ಕನ್ನಡಿಗರಿಗೆ ಹೊಸದೇನೂ ಅಲ್ಲ. ‘ರಾಜನಾಗಿ ಮೆರೆದ’ ಎನ್ನುವುದಕ್ಕೂ ‘ರಾಜನಂತೆ ಮೆರೆದ’ ಎನ್ನುವುದಕ್ಕೂ ಇರುವ ಅಂತರವನ್ನು, ಅಂದರೆ ಒಬ್ಬನಿಗೆ ಸಿಂಹಾಸನವಿತ್ತು, ಇನ್ನೊಬ್ಬನಿಗೆ ಸಾಲವಿತ್ತು ಎಂಬುದನ್ನು, ನಾವು ಯಾರಿಂದಲೂ ಹೇಳಿಸಿಕೊಳ್ಳದೆ ಬಲ್ಲೆವು.

ಹಾಗಿದ್ದೂ ನಾವು ಎಡವುವುದಕ್ಕೆ ಕಾರಣ ನಮ್ಮ ಶಾಲೆಯ ಪಾಠದಲ್ಲಿದೆ. ‘ಆಸ್ ಐ ಸೆಡ್’ ಎಂದರೆ ‘ನಾನು ಹೇಳಿದ ಹಾಗೆ’ ಎಂದು ಮೇಷ್ಟರು ಒಂದು ದಿನ ಬರೆಸುತ್ತಾರೆ. ‘ಲೈಕ್ ಎ ಟೈಗರ್’ ಎಂದರೆ ‘ಹುಲಿಯ ಹಾಗೆ’ ಎಂದು ಮತ್ತೊಂದು ದಿನ ಬರೆಸುತ್ತಾರೆ. ಎರಡಕ್ಕೂ ‘ಹಾಗೆ’ ಎಂಬ ಒಂದೇ ಅರ್ಥವನ್ನು ಉರುಹೊಡೆದ ಹುಡುಗ, ಎರಡೂ ಒಂದೇ ಎಂದು ತಿಳಿದರೆ ಅದರಲ್ಲಿ ಅವನ ಅಪರಾಧವೇನು? ಕನ್ನಡದ ‘ಹಾಗೆ’ಯಾಗಲಿ ‘ಅಂತೆ’ಯಾಗಲಿ ಹಿಂದೆ ನಾಮಪದವಿದ್ದರೂ ಕ್ರಿಯೆಯಿದ್ದರೂ ತಕರಾರಿಲ್ಲದೆ ಬಂದು ಅಂಟಿಕೊಳ್ಳುತ್ತವೆ. ಶಿಷ್ಟ ಇಂಗ್ಲಿಷಿನಲ್ಲಿ ಮಾತ್ರ ಹೋಲಿಕೆಯ ಪದದ ಮುಂದೆ ಬರಿಯ ನಾಮಪದವಿದ್ದರೆ ‘ಲೈಕ್’, ಕರ್ತೃ ಕ್ರಿಯಾಪದಗಳೆರಡೂ ಇರುವ ಉಪವಾಕ್ಯವಿದ್ದರೆ ‘ಆಸ್’. ‘ಹಿ ಸಿಂಗ್ಸ್ ಲೈಕ್ ಹಿಸ್ ಮದರ್’ ಸರಿ. ‘ಹಿ ಸಿಂಗ್ಸ್ ಆಸ್ ಹಿಸ್ ಮದರ್ ಡಿಡ್’ ಕೂಡ ಸರಿ. ಕೊನೆಯ ‘ಡಿಡ್’ ಅನ್ನು ಮರೆತು ‘ಹಿ ಸಿಂಗ್ಸ್ ಆಸ್ ಹಿಸ್ ಮದರ್’ ಎಂದುಬಿಟ್ಟರೆ, ಮಗ ಸೀರೆಯುಟ್ಟು ತಾಯಿಯ ಪಾತ್ರದಲ್ಲಿ ಹಾಡುತ್ತಿದ್ದಾನೆಂದು ಅರ್ಥ ಮಾಡಿಕೊಳ್ಳುವ ಸ್ವಾತಂತ್ರ್ಯ ಕೇಳುಗನಿಗೆ ದೊರೆಯುತ್ತದೆ.

ಈ ನಿಯಮವನ್ನು ಇಂಗ್ಲಿಷನ್ನೇ ಹೊದ್ದು ಹಾಸಿಕೊಂಡವರು ಚಾಚೂ ತಪ್ಪದೆ ಪಾಲಿಸುತ್ತಾರೆಂದು ಯಾರೂ ಭ್ರಮಿಸಬೇಕಾಗಿಲ್ಲ. ಅಮೆರಿಕದಲ್ಲಿ 1954ರಲ್ಲಿ ವಿನ್ಸ್‌ಟನ್ ಸಿಗರೇಟು ಮಾರುಕಟ್ಟೆಗೆ ಬಂದಾಗ ಅದರ ಜಾಹೀರಾತು ‘ವಿನ್ಸ್‌ಟನ್ ಟೇಸ್ಟ್ಸ್ ಗುಡ್ ಲೈಕ್ ಎ ಸಿಗರೆಟ್ ಶುಡ್’ ಎಂದು ಹಾಡಿತು. ‘ಶುಡ್’ ಎಂಬುದು ಬಾಲದಲ್ಲಿ ಕುಳಿತಿರುವುದರಿಂದ ಅಲ್ಲಿರಬೇಕಾದದ್ದು ‘ಆಸ್’ ಎಂದು ವ್ಯಾಕರಣಪ್ರಿಯರು ಕೆಂಡಾಮಂಡಲರಾದರು. ಕಂಪನಿಯವರು ಕ್ಷಮೆ ಕೇಳುವುದರ ಬದಲಿಗೆ, ನಿಮಗೆ ಬೇಕಾದದ್ದು ಒಳ್ಳೆಯ ವ್ಯಾಕರಣವೋ ಒಳ್ಳೆಯ ರುಚಿಯೋ ಎಂದು ಕೇಳುವ ಇನ್ನೊಂದು ಜಾಹೀರಾತನ್ನು ಮಾಡಿ, ಬೈಗುಳದಿಂದಲೂ ವ್ಯಾಪಾರ ಕುದುರಿಸಿಕೊಂಡರು. ಸಿಗರೇಟಿನಿಂದಾಗುವ ಹಾನಿಗಳ ನಡುವೆ ಆ ಪೀಳಿಗೆಯ ಪಂಡಿತರಿಗೆ ಮೊದಲು ಕಂಡದ್ದು ವ್ಯಾಕರಣದ ಹಾನಿ ಎಂಬುದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಆಡುಮಾತಿನಲ್ಲಿ ‘ಲೈಕ್ ಐ ಸೆಡ್’ ಎಂಬುದು ಇಂದು ಎಲ್ಲೆಲ್ಲೂ ಕೇಳಿಬರುತ್ತದೆ. ಅರ್ಜಿ, ವರದಿ, ಪರೀಕ್ಷೆಗಳಲ್ಲಿ ಮಾತ್ರ ‘ಆಸ್ ಐ ಸೆಡ್’ ಎಂದೇ ಬರೆಯುವುದು ಕ್ಷೇಮ.

ಆದರೆ ಸಿಗರೇಟಿನ ‘ಲೈಕ್’ ಯಾರ ಅರ್ಥವನ್ನೂ ಕೆಡಿಸಲಿಲ್ಲ, ಕಿವಿಗಳನ್ನಷ್ಟೇ ಕೆಡಿಸಿತು. ಪಾತ್ರ ಮತ್ತು ಹೋಲಿಕೆ ಅದಲುಬದಲಾದಾಗ ಹಾಗಲ್ಲ, ಹೊಟ್ಟೆಗೇ ಪೆಟ್ಟು ಬೀಳುತ್ತದೆ. ನನ್ನ ಸೋದರತ್ತೆಯ ಮಗ ಉದ್ಯೋಗದ ಅರ್ಜಿಯಲ್ಲಿ ‘ಐ ವರ್ಕ್ಡ್ ಲೈಕ್ ಎ ಮ್ಯಾನೇಜರ್ ಫಾರ್ ಟೂ ಇಯರ್ಸ್’ ಎಂದು ಬರೆದಿದ್ದ. ಅವನು ನಿಜವಾಗಿಯೂ ಮ್ಯಾನೇಜರನೇ ಆಗಿದ್ದ. ಆದರೆ ಆ ವಾಕ್ಯ, ಅವನು ಬೇರೇನೋ ಆಗಿದ್ದುಕೊಂಡು ಮ್ಯಾನೇಜರನ ಗತ್ತು ಮಾತ್ರ ತೋರಿಸುತ್ತಿದ್ದನೆಂದು ಸಾರುತ್ತಿತ್ತು. ಸಂದರ್ಶನದಲ್ಲಿ ಅವನನ್ನು ಕೇಳಿದ ಮೊದಲ ಪ್ರಶ್ನೆ, “ಹಾಗಾದರೆ ನಿಮ್ಮ ನಿಜವಾದ ಹುದ್ದೆ ಯಾವುದಾಗಿತ್ತು?” ಎಂಬುದಂತೆ.

ಉದಾಹರಣೆ ಕೊಡುವಾಗ ಇದೇ ‘ಲೈಕ್’ ಇನ್ನೊಂದು ವೇಷದಲ್ಲಿ ಬರುತ್ತದೆ. ‘ಸಿಟೀಸ್ ಸಚ್ ಆಸ್ ಮೈಸೂರು’ ಎಂದರೆ ಮೈಸೂರು ಆ ಊರುಗಳಲ್ಲಿ ಒಂದು ಎಂಬುದು ನಿಶ್ಚಿತ. ‘ಸಿಟೀಸ್ ಲೈಕ್ ಮೈಸೂರು’ ಎಂದರೆ ಮೈಸೂರನ್ನು ಹೋಲುವ ಊರುಗಳು, ಆದ್ದರಿಂದ ಮೈಸೂರು ಅದರಲ್ಲಿ ಸೇರುವುದಿಲ್ಲ ಎಂದು ಕಟ್ಟುನಿಟ್ಟಿನವರು ವಾದಿಸುತ್ತಾರೆ. ನಮ್ಮ ‘ಅಂಥ’ ಎಂಬುದೂ ಇದೇ ಆಟವಾಡುತ್ತದೆ. ‘ಕುವೆಂಪು ಅವರಂಥ ಕವಿ ಹುಟ್ಟಿದ ನಾಡು’ ಎಂದಾಗ ಕುವೆಂಪು ಒಳಗಿದ್ದಾರೆ. ‘ಕುವೆಂಪು ಅವರಂಥ ಕವಿ ಮತ್ತೆ ಹುಟ್ಟಲಾರರು’ ಎಂದಾಗ ಅವರು ಹೊರಗಿದ್ದಾರೆ. ಸಂದರ್ಭವೇ ಅರ್ಥವನ್ನು ತೀರ್ಮಾನಿಸುವುದರಿಂದ, ಉದಾಹರಣೆಗಾಗಿ ‘ಲೈಕ್’ ಬಳಸುವುದನ್ನು ಇಂದು ಹೆಚ್ಚಿನವರು ತಪ್ಪೆಂದು ಎಣಿಸುವುದಿಲ್ಲ, ನನಗೂ ಅದು ದೊಡ್ಡ ಅಪರಾಧವಾಗಿ ಕಾಣುವುದಿಲ್ಲ. ನಿಯಮ ವಿಧಿಸುವ ಬರಹದಲ್ಲಿ ಮಾತ್ರ ಈ ಔದಾರ್ಯ ಕೆಲಸಕ್ಕೆ ಬರುವುದಿಲ್ಲ ಎಂಬುದಕ್ಕೆ ನಮ್ಮ ವಸತಿ ಸಮುಚ್ಚಯದ ಮೆಟ್ಟಿಲ ಕೆಳಗಿನ ಫಲಕವೇ ಸಾಕ್ಷಿ.

ಕಾರ್ಯದರ್ಶಿಗಳು ಅಲ್ಲಿ ‘ವೆಹಿಕಲ್ಸ್ ಲೈಕ್ ಸ್ಕೂಟರ್ಸ್ ಆರ್ ನಾಟ್ ಅಲೌಡ್’ ಎಂದು ಬರೆಸಿದ್ದರು. ಮೂರನೆಯ ಮಹಡಿಯ ನಿವೃತ್ತ ವಕೀಲರು ಮರುದಿನವೇ ತಮ್ಮ ಸ್ಕೂಟರನ್ನು ಫಲಕದ ಬುಡಕ್ಕೇ ತಂದು ನಿಲ್ಲಿಸಿ, ಸ್ಟ್ಯಾಂಡ್ ಹಾಕಿ, ಬೀಗವನ್ನೂ ಜಡಿದರು. ಕಾರ್ಯದರ್ಶಿಗಳು ಆಕ್ಷೇಪಿಸಿದಾಗ, “ಸ್ಕೂಟರನ್ನು ಹೋಲುವ ವಾಹನಗಳಿಗಲ್ಲವೇ ಸ್ವಾಮಿ ನಿಮ್ಮ ನಿಷೇಧ? ಇದು ಸ್ಕೂಟರನ್ನು ಹೋಲುವುದಿಲ್ಲ, ಇದು ಸ್ಕೂಟರೇ” ಎಂದರು. ಫಲಕವನ್ನು ಅಳಿಸಿ ‘ವೆಹಿಕಲ್ಸ್ ಸಚ್ ಆಸ್ ಸ್ಕೂಟರ್ಸ್, ಬೈಕ್ಸ್, ಎಟ್ಸೆಟ್ರಾ’ ಎಂದು ಹೊಸದಾಗಿ ಬರೆಸಲಾಯಿತು. ವಕೀಲರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅದನ್ನೂ ಓದಿ, ‘ಸಚ್ ಆಸ್’ ಎಂದ ಮೇಲೆ ಇವು ಕೆಲವು ಮಾದರಿಗಳು ಮಾತ್ರವೆಂದು ತಾನಾಗಿಯೇ ಸಿದ್ಧವಾಗುವುದರಿಂದ ಕೊನೆಯ ‘ಎಟ್ಸೆಟ್ರಾ’ ಅನಗತ್ಯವೆಂದು ತಿದ್ದುಪಡಿ ಸೂಚಿಸಿದರು. ಆ ತಿದ್ದುಪಡಿ ವ್ಯಾಕರಣದ ದೃಷ್ಟಿಯಿಂದ ನೂರಕ್ಕೆ ನೂರು ಸರಿಯಾಗಿತ್ತು ಎಂಬುದೇ ಕಾರ್ಯದರ್ಶಿಗಳ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು.

ಕಡೆಗೆ ಅವರು ಇಂಗ್ಲಿಷಿನ ಸಹವಾಸವೇ ಬೇಡವೆಂದು ‘ಸ್ಕೂಟರ್ ಮುಂತಾದ ವಾಹನಗಳನ್ನು ನಿಲ್ಲಿಸಬಾರದು’ ಎಂದು ಅಚ್ಚಗನ್ನಡದಲ್ಲಿ ಬರೆಸಿದರು. ‘ಮುಂತಾದ’ ಎಂಬುದು ಸ್ಕೂಟರನ್ನೂ ಒಳಗೆ ಎಳೆದುಕೊಳ್ಳುವುದರಿಂದ ವಕೀಲರು ಮರುಮಾತಿಲ್ಲದೆ ಗಾಡಿಯನ್ನು ತೆಗೆದರು. ಈಗ ಅಲ್ಲಿ ಅವರ ಮೊಮ್ಮಗನ ಮೂರು ಚಕ್ರದ ಸೈಕಲ್ಲು ನಿಂತಿದೆ. ಅದನ್ನು ವಾಹನವೆನ್ನಬಹುದೇ ಎಂಬ ಪ್ರಶ್ನೆಯನ್ನು ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಲಾಗಿದೆ.