ಎರಡು ಸಂಬಳದ ತಿಂಗಳು

ಒಂದನೇ ತಾರೀಖಿನ ಬೆಳಿಗ್ಗೆ ಮೊಬೈಲ್ ‘ಟಿಂಗ್’ ಅನ್ನುವುದು ಸಂಬಳದವರ ಮನೆಯ ಸುಪ್ರಭಾತ. ಆ ಟಿಂಗ್ ಎರಡು ಸಲ ಕೇಳಿದರೆ? ₹38,000 ಬಂತು. ಇನ್ನೊಂದು ₹38,000 ಬಂತು. ಅರಿಯರ್ಸ್ ಇರಬಹುದು ಅಂತ ಮನಸ್ಸು ತಾನೇ ಒಂದು ಕಾರಣ ಹುಡುಕಿಕೊಳ್ಳುತ್ತದೆ. 4ನೇ ತಾರೀಖು ಮಧ್ಯಾಹ್ನ ಊಟದ ಹೊತ್ತಿಗೆ ಮೂರನೇ ಟಿಂಗ್: ₹38,000 ಕಡಿತ. ತಪ್ಪಿ ಎರಡು ಸಲ ಹಾಕಿದ್ದನ್ನು ಬ್ಯಾಂಕು ವಾಪಸ್ ತೆಗೆದುಕೊಂಡಿದೆ. ಕೇಳಿದ್ದಿಲ್ಲ, ಹೇಳಿದ್ದಿಲ್ಲ, ಸಹಿಯಂತೂ ಇಲ್ಲವೇ ಇಲ್ಲ.

ಮೈ ಉರಿಯುವುದು ಇಲ್ಲೇ. ಎಟಿಎಂ ನೋಟು ಕೊಡದೆ ಖಾತೆಯಿಂದ ದುಡ್ಡು ಕಳೆದರೆ, ಅದನ್ನು ವಾಪಸ್ ಹಾಕಲು ಬ್ಯಾಂಕಿಗೆ 5 ದಿನದ ಗಡುವು. ಆಮೇಲೆ ದಿನಕ್ಕೆ ₹100 ದಂಡ ಕೊಡಬೇಕು, ಅದೂ ರಿಸರ್ವ್ ಬ್ಯಾಂಕ್ ಕಿವಿ ಹಿಂಡಿದ ಮೇಲೆ. ತನ್ನ ದುಡ್ಡು ಅಂದರೆ ಮಾತ್ರ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಕೆಲಸ ಮುಗಿದಿರುತ್ತದೆ.

ಇಂಥ ತಪ್ಪು ಆಗುವುದು ಹೀಗೆ. ಕಂಪನಿ ಕಳಿಸಿದ ಸಂಬಳದ ಫೈಲನ್ನು ಶಾಖೆಯಲ್ಲಿ ಅಪ್‌ಲೋಡ್ ಮಾಡುವಾಗ ಪರದೆ ಮಧ್ಯದಲ್ಲೇ ಗಕ್ಕನೆ ನಿಲ್ಲುತ್ತದೆ. ಹೋಯ್ತೋ ಇಲ್ವೋ ಎಂಬ ಅನುಮಾನದಲ್ಲಿ ಇನ್ನೊಂದು ಸಲ ಒತ್ತುತ್ತಾರೆ. ಮೊದಲನೆಯದೂ ಹೋಗಿತ್ತು. ಕ್ಯಾಷಿಯರ್ ಒಂದು ಸೊನ್ನೆ ಜಾಸ್ತಿ ಹೊಡೆದಿದ್ದರೆ ಅಂದೇ ಸಂಜೆ ಪೆಟ್ಟಿಗೆಯ ನಗದು ತಾಳೆಯಾಗದೆ ಸಿಕ್ಕಿಬೀಳುತ್ತಿತ್ತು. ಇಲ್ಲಿ ಹಾಗಲ್ಲ. ಕಂಪನಿ ಖಾತೆಯಲ್ಲಿ ಎರಡು ಖರ್ಚು, ನೌಕರರ ಖಾತೆಯಲ್ಲಿ ಎರಡು ಜಮೆ. ಬ್ಯಾಂಕಿನ ಲೆಕ್ಕ ಕಾಸಿಗೆ ಕಾಸು ಸರಿ. ಕಂಪನಿಯ ಅಕೌಂಟೆಂಟ್ ಸ್ಟೇಟ್‌ಮೆಂಟ್ ನೋಡಿ ಕಿರುಚುವ ತನಕ ಎಲ್ಲರೂ ಸುಖಿಗಳು.

ಹೀಗೆ ಕೇಳದೆಯೇ ವಾಪಸ್ ತೆಗೆಯುವ ಹಕ್ಕು ಬ್ಯಾಂಕಿಗೆ ಇದೆಯೇ? ಇದೆ. 1872ರ ಕರಾರು ಕಾಯ್ದೆಯ 72ನೇ ಕಲಂ ಪ್ರಕಾರ ತಪ್ಪಿನಿಂದ ಬಂದ ಹಣವನ್ನು ಪಡೆದವನು ಮರಳಿಸಬೇಕು. ಗೊತ್ತಿದ್ದೂ ನುಂಗಿದರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ ಕಾದು ಕೂತಿದೆ: ಕನಿಷ್ಠ 6 ತಿಂಗಳು, ಗರಿಷ್ಠ 2 ವರ್ಷ ಜೈಲು, ಜೊತೆಗೆ ದಂಡ. 2023ರ ನವೆಂಬರ್‌ನಲ್ಲಿ ಯುಕೋ ಬ್ಯಾಂಕಿನ ಐಎಂಪಿಎಸ್ ವ್ಯವಸ್ಥೆ ಕೆಟ್ಟು ಸುಮಾರು 41,000 ಖಾತೆಗಳಿಗೆ ₹820 ಕೋಟಿ ಜಮೆಯಾಯಿತು. ಕೆಲವೇ ದಿನಗಳಲ್ಲಿ ಬ್ಯಾಂಕು ₹649 ಕೋಟಿ ಹಿಂದಕ್ಕೆ ಎಳೆದುಕೊಂಡಿತು. ಉಳಿದದ್ದನ್ನು ಹುಡುಕಿಕೊಂಡು ಹೋದದ್ದು ಸಿಬಿಐ.

ಆದರೆ ಈ ಸಲಿಗೆ ಬ್ಯಾಂಕಿನ ಸ್ವಂತ ತಪ್ಪಿಗೆ ಮಾತ್ರ. ಇನ್ಯಾರೋ ನಂಬರ್ ತಪ್ಪಿ ನಿಮ್ಮ ಖಾತೆಗೆ ಹಾಕಿದ್ದರೆ, ಬ್ಯಾಂಕು ಸಾಮಾನ್ಯವಾಗಿ ನಿಮ್ಮ ಒಪ್ಪಿಗೆ ಕೇಳಿಯೇ ತೆಗೆಯಬೇಕು.

ಖರ್ಚು ಮಾಡಿಬಿಟ್ಟವರ ಪಾಡು ಹೀಗೆ. ಹಳೆಯ ₹2,000 ಸೇರಿ ಖಾತೆಯಲ್ಲಿ ₹78,000 ಇತ್ತು. ಫ್ರಿಜ್ಜು, ಬಾಡಿಗೆ, ದಿನಸಿ ಅಂತ ₹52,000 ಹಾರಿತು. ಉಳಿದ ₹26,000 ಬ್ಯಾಂಕು ತೆಗೆದುಕೊಂಡು, ಬಾಕಿ ₹12,000ಕ್ಕೆ ‘ಲೀನ್ ಮಾರ್ಕ್’ ಮಾಡುತ್ತದೆ. ಮುಂದೆ ಬರುವ ಮೊದಲ ದುಡ್ಡು ಅಲ್ಲೇ ಇಂಗಿಹೋಗುತ್ತದೆ. 5ನೇ ತಾರೀಖಿನ ಇಎಂಐ ಬೌನ್ಸ್ ಆಗಿ, ಬ್ಯಾಂಕಿನದೊಂದು ದಂಡ, ಸಾಲ ಕೊಟ್ಟವನದೊಂದು.

ಮುಟ್ಟದೆ ಇಟ್ಟುಕೊಂಡ ಸಭ್ಯರ ಕಷ್ಟವೇ ಬೇರೆ. ಅವರು 2ನೇ ತಾರೀಖೇ ಶಾಖೆಗೆ ಹೋಗಿ, “ಸಾರ್, ದುಡ್ಡು ಜಾಸ್ತಿ ಬಂದಿದೆ” ಅನ್ನುತ್ತಾರೆ.

“ಕಡಿಮೆ ಬಂದಿದ್ಯಾ?”

“ಇಲ್ಲ ಸಾರ್, ಜಾಸ್ತಿ.”

ಕೌಂಟರಿನವರು ಮೊದಲ ಸಲ ತಲೆ ಎತ್ತುತ್ತಾರೆ. ಕಡಿಮೆಯಾದದ್ದಕ್ಕೆ ಫಾರಂ ಇದೆ, ಕಾರ್ಡ್ ಕಳೆದದ್ದಕ್ಕೆ ಇದೆ, ಗಿರಾಕಿ ಸತ್ತರೂ ಇದೆ. ಜಾಸ್ತಿಯಾದದ್ದಕ್ಕಿಲ್ಲ. “ಮೂರನೇ ಕೌಂಟರಲ್ಲಿ ಕೇಳಿ.” ಮೂರನೆಯವರು ಆಧಾರ್ ಜೆರಾಕ್ಸ್ ಕೇಳುತ್ತಾರೆ. ಮ್ಯಾನೇಜರ್, “ಇದು ಹೆಡ್ ಆಫೀಸಿನ ವಿಷಯ, ನೀವೇ ಟ್ರಾನ್ಸ್‌ಫರ್ ಮಾಡಿಬಿಡಿ” ಅಂತ ಚೀಟಿಯ ಮೇಲೊಂದು ಖಾತೆ ನಂಬರ್ ಗೀಚುತ್ತಾರೆ.

ಮಾಡಬೇಡಿ. ನೀವು ಕಳಿಸಿದ್ದು ಶಾಖೆಗೆ ಗೊತ್ತು, ಹಿಂದಕ್ಕೆಳೆಯುವ ಯಂತ್ರಕ್ಕೆ ಗೊತ್ತಿಲ್ಲ. 4ರಂದು ಅದು ತನ್ನ ಪಟ್ಟಿ ಹಿಡಿದು ಬಂದು ಇನ್ನೊಮ್ಮೆ ₹38,000 ತೆಗೆಯುತ್ತದೆ. ಆಗ ಜಾಸ್ತಿಯೂ ಹೋಯಿತು, ಸಂಬಳವೂ ಹೋಯಿತು. ಜಮೆಯ ತಾರೀಖು, ಮೊತ್ತ, ರೆಫರೆನ್ಸ್ ನಂಬರ್ ಬರೆದು ಒಂದು ಪತ್ರ ಕೊಡಿ. ಎರಡನೇ ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳಿ. ದುಡ್ಡು ಇದ್ದಲ್ಲೇ ಇರಲಿ. ಕಡಿತ ಒಂದೇ ಸಲ ಆಗಿದೆಯೇ ಅಂತ ಸ್ಟೇಟ್‌ಮೆಂಟಿನಲ್ಲಿ ನೋಡಿ. ಎರಡು ಸಲ ಆಗಿದ್ದರೆ ಬ್ಯಾಂಕಿಗೆ ಲಿಖಿತ ದೂರು, 30 ದಿನದಲ್ಲಿ ಉತ್ತರ ಬಾರದಿದ್ದರೆ cms.rbi.org.in ನಲ್ಲಿ ಓಂಬುಡ್ಸ್‌ಮನ್.

ಹಿಂದೆ ಪಾಸ್‌ಬುಕ್ ಕೈಯಲ್ಲಿ ಬರೆಯುತ್ತಿದ್ದಾಗ ತಪ್ಪು ಬರೆದ ಗುಮಾಸ್ತರು ಕೆಂಪು ಶಾಯಿಯಲ್ಲಿ ಗೀಟೆಳೆದು ಪಕ್ಕದಲ್ಲಿ ತಮ್ಮ ಪುಟ್ಟ ಸಹಿ ಹಾಕುತ್ತಿದ್ದರು. ತಪ್ಪಿಗೆ ಒಬ್ಬ ಮನುಷ್ಯನ ಕೈಬರಹ ಇರುತ್ತಿತ್ತು, ಎದುರು ಕೂತು ಜಗಳವಾಡಬಹುದಿತ್ತು. ಈಗ ಸ್ಟೇಟ್‌ಮೆಂಟಿನಲ್ಲಿ ರಿವರ್ಸಲ್ ಅನ್ನುವುದಕ್ಕೆ ‘REV’ ಅಂತ ಮೂರಕ್ಷರ.

ಅಂದಹಾಗೆ, ಮೂರು ದಿನ ಖಾತೆಯಲ್ಲಿ ಕೂತ ಆ ₹38,000ಕ್ಕೆ, ವರ್ಷಕ್ಕೆ 2.5% ಅಂದುಕೊಂಡರೆ, ₹7.81 ಬಡ್ಡಿ ಆಗಬೇಕು. ಅದಾದರೂ ನಮಗೆ ಉಳಿಯಿತಲ್ಲ ಅನ್ನಬೇಡಿ. ಕಡಿತವನ್ನು ಒಂದನೇ ತಾರೀಖಿನ ಲೆಕ್ಕಕ್ಕೇ ಹಾಕಿದ್ದರೆ ಅದೂ ಹೋಯಿತು. ದರ್ಶಿನಿಯಲ್ಲಿ ಬೈ-ಟು ಕಾಫಿಗೂ ಸಾಲದ ದುಡ್ಡನ್ನೂ ಬಿಡಲಿಲ್ಲ.